ಪಂಪು ಎಂದು ಬರೆದ ಚೀಟಿ

ನನ್ನ ಅಕ್ಷರ ಚೆನ್ನಾಗಿತ್ತು. ಐವತ್ತರ ದಶಕದ ಕೊನೆಯಲ್ಲಿ ಬೂದಿಕೋಟೆ ಕಡೆಯ ಒಬ್ಬ ರೈತನ ಮಗನಿಗೆ ಚಿನ್ನದ ಗಣಿಯಲ್ಲಿ ನೆಲದ ಮೇಲೆ ಕೂತು ಮಾಡುವ ಕೆಲಸ ಸಿಕ್ಕಿದ್ದು ಅದರಿಂದಲೇ. ತಮ್ಮನ ಅಕ್ಷರ ಕಾಗೆ ಕಾಲು. ಅವನು ಆಳುಗಳನ್ನು ಗಣಿಗಿಳಿಸುವ ಪಂಜರ ಹತ್ತಿ ಕೆಳಗಿಳಿಯುತ್ತಿದ್ದ, ನಾನು ಶಾಫ್ಟಿನ ಬಾಯಿಯ ಬಳಿಯ ಕಚೇರಿಯಲ್ಲಿ ಹಾಜರಿ ಬರೆಯುತ್ತಿದ್ದೆ. ಯಾವ ಗಣಿ ಎಂದು ಹೇಳುವುದಿಲ್ಲ. ಚಾಂಪಿಯನ್ ರೀಫ್ಸಿನ ಸಾಲುಮನೆಯೊಂದರಲ್ಲಿ ನಾವಿಬ್ಬರೂ ಬಾಡಿಗೆಗಿದ್ದೆವು ಎಂದಷ್ಟೇ ಸಾಕು.

ಬೆಳಗಿನ ಪಾಳಿಯವರು ಸಿಡಿಮದ್ದು ಹಚ್ಚಿ ಮೇಲೆ ಬರುತ್ತಿದ್ದರು. ಹೊಗೆ ಇಳಿಯುವ ತನಕ ಮಧ್ಯಾಹ್ನದ ಪಾಳಿಯವರು ಕೆಳಗೆ ಹೋಗುವಂತಿರಲಿಲ್ಲ. ಹೀಗಾಗಿ ಒಂದೇ ಜಾಗದಲ್ಲಿ ಕೆಲಸ ಮಾಡುವ ಇಬ್ಬರು ಮೇಸ್ತ್ರಿಗಳು ಒಬ್ಬರ ಮುಖ ಒಬ್ಬರು ನೋಡುವುದೇ ಅಪರೂಪ. ಅವರ ಮಾತೆಲ್ಲ ನನ್ನ ಮೇಜಿನ ಮೇಲಿನ ಒಂದು ಪುಸ್ತಕದಲ್ಲಿ ನಡೆಯುತ್ತಿತ್ತು. ಬೆಳಗಿನ ಮೇಸ್ತ್ರಿಗೆ ಓದು ಬರದು. ಅವರು ಹೇಳುವರು, ನಾನು ಬರೆದು ಓದಿ ಹೇಳುವೆ, ಸರಿ ಎಂದ ಮೇಲೆ ಹೆಬ್ಬೆಟ್ಟು. ಮಧ್ಯಾಹ್ನದವರು ಅದನ್ನು ಓದಿ, ಪಾಳಿ ಮುಗಿದ ಮೇಲೆ ತಮ್ಮ ಉತ್ತರವನ್ನು ತಾವೇ ಗೀಚಿಹೋಗುವರು.

ಆ ಸಲ ಎರಡು ವಾರ ಪುಸ್ತಕದ ತುಂಬ ಒಂದೇ ವಿಷಯ. ಗಣಿಯ ಆಳದ ಒಂದು ಹಂತದಲ್ಲಿ, ಪೂರ್ವಕ್ಕೆ, ಮೇಲಿನ ಬಂಡೆಯನ್ನು ಹೊರಲೆಂದು ಒಟ್ಟಿದ ಕಲ್ಲಿನ ಗೋಡೆಯ ಹಿಂದೆ ಏನೋ ಬಡಿಯುತ್ತಿತ್ತು. ಮೂರು ಸಲ, ಸ್ವಲ್ಪ ಬಿಡುವು, ಮತ್ತೆ ಒಂದು. ಆಳದ ಬಂಡೆ ಚಟಪಟ ಅನ್ನುವುದು ಎಲ್ಲರಿಗೂ ಗೊತ್ತು, ಇದು ಹಾಗಿರಲಿಲ್ಲ. ಹಿಂದೆ ಅಲ್ಲಿ ಸಿಕ್ಕಿಕೊಂಡು ಸತ್ತವರು ಇನ್ನೂ ಬಾಗಿಲು ತಟ್ಟುತ್ತಿದ್ದಾರೆ ಎಂದು ಆಳುಗಳು ಮಾತಾಡಿಕೊಳ್ಳುತ್ತಿದ್ದರು. ಅಂಥದ್ದನ್ನು ನಾನು ಬರೆದುಕೊಳ್ಳುತ್ತಿರಲಿಲ್ಲ, ನಗುತ್ತಿದ್ದೆ.

ಆಮೇಲೆ ಮಧ್ಯಾಹ್ನದ ಮೇಸ್ತ್ರಿ ಕಾಯಿಲೆ ಬಿದ್ದರು. ಅವರ ಜಾಗಕ್ಕೆ ಬೇರೆ ಶಾಫ್ಟಿನಿಂದ ಬಂಗಾರಪೇಟೆ ಕಡೆಯವರೊಬ್ಬರು ಬಂದರು. ಅವರಿಗೆ ಹಿಂದುಮುಂದು ಏನೂ ತಿಳಿಯದು, ಎರಡು ವಾರದ ಪುಸ್ತಕವನ್ನು ಹೊತ್ತು ಇಳಿಯುವ ಹಾಗೂ ಇಲ್ಲ.

ಬೆಳಗಿನ ಮೇಸ್ತ್ರಿ ಮುಖದ ದೂಳು ಒರೆಸಿಕೊಳ್ಳುತ್ತ ನನಗೆ ಹೇಳಿದರು: "ಎಲ್ಲಾನೂ ಒಂದು ಚೀಟಿಗೆ ಇಳಿಸಪ್ಪ. ಟೋಪಿ ದೀಪದಾಗೆ ಓದೋನು ಅವ್ನು. ಏನೇನು ತೀರ್ಮಾನ ಆಗೈತೆ, ಅದು ಒಂದು ಕಡೆ. ಯಾಕೆ ಅಂತ ಅದ್ರ ಪಕ್ಕದಾಗೇ ಇರ್ಬೇಕು, ಇಲ್ದಿದ್ರೆ ಓದೋನು ತನಗೆ ತೋಚ್ದಂಗೆ ಮಾಡ್ತಾನೆ. ಇನ್ನೂ ಗೊತ್ತಾಗ್ದೆ ಇರೋದು ಇನ್ನೊಂದು ಕಡೆ. ಗೊತ್ತಿಲ್ದಿದ್ದನ್ನ ಗೊತ್ತಿಲ್ಲ ಅಂತ್ಲೇ ಬರೀ."

"ಬರೀತೀನಿ ಬಿಡಿ," ಎಂದೆ.

"ಓದಿ ಯೋಳು, ಕೇಳ್ಕೊಂಡು ಓಗ್ತೀನಿ."

"ನಿಮ್ಮ ಬಸ್ಸು ಹೋಗುತ್ತೆ."

ಅವರು ಒಂದು ಕ್ಷಣ ನಿಂತು, ಬಸ್ಸಿನ ಕಡೆ ನೋಡಿ, ಹೋದರು. ಓದಿ ಹೇಳದೆ ಅವರನ್ನು ಕಳಿಸಿದ್ದು ಅದೇ ಮೊದಲು.

ಚೀಟಿ ಚೆಂದವಾಗಿ ಬಂತು. ಗೆರೆ ಎಳೆದು, ಅಂಕಿ ಹಾಕಿ ಬರೆದೆ. ಬಂಡೆಗೆ ಕೊಟ್ಟ ಯಾವ ಮರದ ಆಸರೆ ಬದಲಾಗಬೇಕು, ಯಾವ ಜಾಡಿನಲ್ಲಿ ತಳ್ಳುಗಾಡಿ ಹೋಗಬಾರದು, ಎಲ್ಲ ಬಂತು. "ಪೂರ್ವದ ಗೋಡೆಯ ಬಳಿ ಊಟಕ್ಕೆ ಕೂರಕೂಡದು" ಎಂದೂ ಬರೆದೆ. ಯಾಕೆ ಎಂಬುದಕ್ಕೆ ಜಾಗ ಸಾಲಲಿಲ್ಲ. ಕೊನೆಗೆ ಉಳಿದದ್ದು ಶಬ್ದ. ಪುಸ್ತಕದ ನಾಲ್ಕನೆಯ ದಿನದಲ್ಲಿ ಹಳೆಯ ಮಧ್ಯಾಹ್ನದ ಮೇಸ್ತ್ರಿ "ನೀರೆತ್ತುವ ಪಂಪಿನ ಸದ್ದು ಇರಬಹುದು" ಎಂದು ಗೀಚಿದ್ದರು. ನನಗೆ ಅದು ಹಿಡಿಸಿತು. ದೆವ್ವದ ಕಥೆಗಿಂತ ಪಂಪು ಎಷ್ಟೋ ವಾಸಿ. ಇರಬಹುದು ಎಂಬುದನ್ನು ಬಿಟ್ಟು "ಶಬ್ದ: ಪಂಪಿನದು" ಎಂದು ಬರೆದೆ. "ಇನ್ನೂ ಗೊತ್ತಿಲ್ಲ" ಎಂಬ ಕಡೆ ಖಾಲಿ ಉಳಿಯಿತು. ಆ ಖಾಲಿ ಜಾಗ ನೋಡಿ ನನಗೆ ಹೆಮ್ಮೆಯೇ ಆಯಿತು.

ಹೊಸ ಮೇಸ್ತ್ರಿ ಓದಿ, ಮಡಿಸಿ, ಜೇಬಿಗಿಟ್ಟುಕೊಂಡರು. ಅವರ ತಂಡದಲ್ಲಿ ನನ್ನ ತಮ್ಮನೂ ಇದ್ದ. ಊಟದ ಕ್ಯಾರಿಯರ್ ಎತ್ತಿ ತೋರಿಸಿ, ಪಂಜರದ ಜೊತೆ ಇಳಿದುಹೋದ.

ಸಂಜೆಯ ಬಿಸಿಲು ಇನ್ನೂ ಇತ್ತು. ಚಹಾ ಕುಡಿಯಲು ಹೊರಗೆ ಬಂದೆ. ವರ್ಕ್‌ಶಾಪಿನ ಗೋಡೆಯ ನೆರಳಲ್ಲಿ, ಹೊಟ್ಟೆ ಬಿಚ್ಚಿದ ಒಂದು ಪಂಪು ಕೂತಿತ್ತು. ಅದರ ಮೇಲೆ ಒಂದು ಬೆಕ್ಕು ಮಲಗಿತ್ತು.

"ಯಾವ ಪಂಪು ಇದು?" ಎಂದು ಅಲ್ಲಿದ್ದ ಫಿಟ್ಟರನನ್ನು ಕೇಳಿದೆ.

ಅವನು ಆ ಗೋಡೆ ಇದ್ದ ಹಂತವನ್ನೇ ಹೇಳಿದ. "ನಿಂತು ಎಂಟು ದಿವ್ಸ ಆತು. ಮೇಲಕ್ಕೆ ತಂದೇ ಐದು ದಿನ. ಅಲ್ಲಿ ಬೇರೆ ಪಂಪು ಇಲ್ಲ ಸಾರ್."

ಒಳಗೆ ಓಡಿ ಪುಸ್ತಕ ತೆರೆದೆ. ಏಳನೆಯ ದಿನ, ನನ್ನದೇ ದುಂಡು ಅಕ್ಷರದಲ್ಲಿ, ಬೆಳಗಿನ ಮೇಸ್ತ್ರಿಯ ಮಾತು: "ಪಂಪು ನಿಂತಿದೆ. ಶಬ್ದ ನಿಂತಿಲ್ಲ. ಜಾಸ್ತಿ ಆಗಿದೆ. ಗೋಡೆ ಹತ್ತಿರ ಯಾರೂ ಕೂರುವುದು ಬೇಡ." ಕೆಳಗೆ ಅವರ ಹೆಬ್ಬೆಟ್ಟು. ನಾನೇ ಬರೆದದ್ದು, ನಾನೇ ಓದಿ ಹೇಳಿದ್ದು.

ಕೆಳಗೆ ಆ ಹಂತಕ್ಕೆ ಫೋನು ಮಾಡಿದೆ. ಮೇಸ್ತ್ರಿಯನ್ನು ಕರೆತರಲು ಯಾರೋ ಹೋದರು. ಫೋನಿನಲ್ಲಿ ಆಳದ ಗಾಳಿ ಊದುವ ಸದ್ದು ಮಾತ್ರ ಇತ್ತು. ಕಾಯುತ್ತ ಕಾಯುತ್ತ ಆ ಗಾಳಿಯೊಳಗೆ ಯಾರೋ ಉಸಿರಾಡುತ್ತಿದ್ದಾರೆ ಅನ್ನಿಸತೊಡಗಿತು. "ಯಾರು?" ಎಂದು ಕೇಳಿಯೂಬಿಟ್ಟೆ.

ಕೊನೆಗೆ ಹೊಸ ಮೇಸ್ತ್ರಿಯ ದನಿ ಕೇಳಿತು. "ಏನ್ ಸಾರ್?"

"ಗೋಡೆ ಹಿಂದೆ ಶಬ್ದ ಇದೆಯಾ?"

"ಐತೆ ಸಾರ್. ಮೂರು ಬಡೀತದೆ, ಆಮೇಲೆ ಒಂದು. ಪಂಪು ಓಡ್ತಾ ಐತಲ್ಲ, ಅದೇ."

"ಪಂಪು ಇಲ್ಲ. ಪಂಪು ನನ್ನ ಕಣ್ಮುಂದೆ ಅಂಗಳದಲ್ಲಿದೆ."

ಅವರು ಬಹಳ ಮೆಲ್ಲಗೆ ಕೇಳಿದರು: "ಹಂಗಾದ್ರೆ ಅದು ಏನು ಸಾರ್?"

"ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಎಲ್ಲರನ್ನೂ ಈಚೆಗೆ ಕರೀರಿ."

"ಅಲ್ಲೇ ಊಟಕ್ಕೆ ಕೂತವ್ರೆ. ಕೂರಬ್ಯಾಡ ಅಂತ ಬರ್ದಿದ್ರಿ, ಯಾಕೆ ಅಂತ ಇರ್ಲಿಲ್ಲ. ಮೇಲಿಂದ ನೀರು ಸೋರ್ತದೇನೋ ಅಂದ್ಕಂಡೆ. ನೋಡಿದ್ರೆ ಒಣಗಿತ್ತು, ಕೂತ್ಕಳಿ ಅಂದೆ." ಫೋನು ಕೈಬಿಟ್ಟ ಸದ್ದಾಯಿತು.

ಸ್ವಲ್ಪ ಹೊತ್ತಿಗೆ ನನ್ನ ಮೇಜಿನ ಮೇಲಿನ ಮಸಿ ಕುಡಿಕೆ ನಡುಗಿತು. ಕಿಟಕಿಯ ಗಾಜು ಝಣ್ ಎಂದಿತು. ಬೆಕ್ಕು ಪಂಪಿನ ಮೇಲಿಂದ ಜಿಗಿದು ಓಡಿತು. ಸಾಲುಮನೆಗಳಿಂದ ಹೆಂಗಸರು ಈಚೆ ಬಂದು, ಯಾರನ್ನೂ ಏನೂ ಕೇಳದೆ, ಶಾಫ್ಟಿನ ಕಡೆ ನಡೆಯತೊಡಗಿದರು.

ತಂಡದವರೆಲ್ಲ ಈಚೆ ಬಂದಿದ್ದರು. ನನ್ನ ತಮ್ಮ ಮಾತ್ರ ಮರೆತ ಕ್ಯಾರಿಯರಿಗಾಗಿ ನಾಲ್ಕು ಹೆಜ್ಜೆ ವಾಪಸು ಹೋಗಿದ್ದ. ಗೋಡೆ ಸಿಡಿದಾಗ ಅವನು ಅದರ ಅಂಚಿನಲ್ಲಿದ್ದ. ಜೀವ ಉಳಿಯಿತು. ಎಡಗಿವಿ ಪೂರ್ತಿ ಕಿವುಡಾಯಿತು.

ಮಾರನೆಯ ದಿನ ಬೆಳಗಿನ ಮೇಸ್ತ್ರಿ ಪುಸ್ತಕವನ್ನೂ ಚೀಟಿಯನ್ನೂ ಓದಿಸಿ ಕೇಳಿದರು. ಬೈಯಲಿಲ್ಲ. "ಬಸ್ಸು ಓದ್ರೆ ಓಗ್ಲಿ ಅಂತ ನಿಂತ್ಕಬೇಕಾಗಿತ್ತು ನಾನು," ಎಂದರು. ಅದನ್ನು ಕೇಳುವುದಕ್ಕಿಂತ ಕಪಾಳಕ್ಕೆ ಹೊಡೆಸಿಕೊಳ್ಳುವುದು ಸುಲಭವಿತ್ತು.

ಆ ಬಡಿತ ಯಾವುದರದ್ದು ಎಂದು ಯಾರೂ ಕಂಡುಹಿಡಿಯಲಿಲ್ಲ. ಬಂಡೆಯೇ ಇರಬೇಕು ಎಂದು ಗಣಿಯ ದೊಡ್ಡ ಅಧಿಕಾರಿಗಳು ಹೇಳಿದರು. ಗೋಡೆ ಬಿದ್ದ ಮೇಲೂ ಎರಡು ದಿನ ಅದು ಕೇಳುತ್ತಿತ್ತು, ಆಮೇಲೆ ಆ ಕಡೆಯನ್ನೇ ಮುಚ್ಚಿದರು.

ತಮ್ಮ ಊರಿಗೆ ಮರಳಿ ಹಸು ಕಟ್ಟಿಕೊಂಡ. ಚೀಟಿ ಬರೆದವನು ನಾನೇ ಎಂದು ಅವನಿಗೆ ಹೇಳಲು ನನಗೆ ನಾಲ್ಕು ವರ್ಷ ಬೇಕಾಯಿತು. ಕೊಟ್ಟಿಗೆಯ ಮುಂದೆ ಕೂತು ಎಲ್ಲ ಹೇಳಿದೆ. ಅವನು ಕೇಳಿ, ಹುಲ್ಲು ಕಿತ್ತು ಹಾಕುತ್ತಿದ್ದವನು ಕೈ ನಿಲ್ಲಿಸಿ, ಸತ್ತ ಕಿವಿಯ ಮೇಲೆ ಅಂಗೈ ಇಟ್ಟುಕೊಂಡ.

"ಇದ್ರಾಗೆ ಒಂದೊಂದು ದಿನ ಈಗ್ಲೂ ಬಡೀತದೆ ಕಣಣ್ಣ. ಮೂರು. ಆಮೇಲೆ ಒಂದು. ಏನಣ್ಣ ಅದು?"

ನರದ ದೋಷ ಇರಬಹುದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಡಾಕ್ಟರು ಹಾಗೇ ಹೇಳಿದ್ದರು.

"ಗೊತ್ತಿಲ್ಲಪ್ಪ," ಎಂದೆ.