ಸಿದ್ದಗಂಗಮ್ಮನವರ ಮುಖದ ಫೈಲು

ಕಳಸದಲ್ಲಿ ಡಿಸೈನ್ ಅಂಗಡಿ ಇಟ್ಟಿರುವ ಅಲ್ಫಿಯಾ ಯಾರ ಮುಲಾಜಿಗೂ ಬಗ್ಗುವವಳಲ್ಲ. ಕಾಫಿಪುಡಿಯ ಜಾಹೀರಾತಿಗೆಂದು ಬಾಳೂರಿನ ದಿನಸಿ ಅಂಗಡಿಯ ಸಿದ್ದಗಂಗಮ್ಮನವರ ಫೋಟೊ ತೆಗೆದು, ಅವರ ಮುಖವನ್ನು ಚಿತ್ರ ತಯಾರಿಸುವ ಎಐಗೆ ಕಲಿಸಿದ್ದಳು. ಕೆಲಸ ಮುಗಿದ ಮೇಲೆ ಎಲ್ಲ ಅಳಿಸುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದಳು.

ಜಾಹೀರಾತು ಮುಗಿಯಿತು. ಕಾಫಿಪುಡಿ ಕಂಪನಿಯ ಶಶಿಕಿರಣ್ ಬಂದರು.

"ಫೋಟೊ ಬೇಕಾದ್ರೆ ಅಳ್ಸಮ್ಮ. ಮುಖ ಕಲ್ತಿರೋ ಆ ಅಡಾಪ್ಟರ್ ಫೈಲ್ ನಂಗೆ ಕೊಡು, ಮುಂದಿನ ವರ್ಷದ ಜಾಹೀರಾತಿಗಾಗುತ್ತೆ."

"ಫೋಟೊಗಿಂತ ಅದೇ ಅಪಾಯ ಸಾರ್. ಅದಿದ್ರೆ ಅವ್ರು ತೆಗೆಸ್ಕೊಳ್ದೇ ಇರೋ ಫೋಟೊನೂ ಹುಟ್ಟುತ್ತೆ."

ಅಲ್ಫಿಯಾ ಶಶಿಕಿರಣ್ ಅವರ ಕಣ್ಣೆದುರೇ ಫೋಟೊಗಳು, ಅಡಾಪ್ಟರ್, ಕಲಿಸುವಾಗ ನಡುನಡುವೆ ಉಳಿಸಿದ್ದ ಅದರ ಪ್ರತಿಗಳು, ಹಾರ್ಡ್‌ಡಿಸ್ಕಿನ ಬ್ಯಾಕಪ್ ಎಲ್ಲವನ್ನೂ ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿದಳು.

"ಈಗ ಮುಂದಿನ ವರ್ಷ ನಾನೇನ್ ಮಾಡ್ಲಿ?" ಶಶಿಕಿರಣ್ ಸಿಡುಕಿದರು.

"ಬಾಳೂರಿಗೆ ಜೀಪು ಹೋಗುತ್ತೆ ಸಾರ್. ಹತ್ತಿ ಹೋಗಿ, ಅವ್ರನ್ನೇ ಕೇಳಿ."