ಏಳನೇ ನಂಬರಿಗೆ ನಾನು ಕೊಟ್ಟ ಮಾರ್ಕು

ತೊಂಬತ್ತರ ದಶಕದ ಕೊನೆಯಲ್ಲಿ, ನಾನು ಇಂಗ್ಲಿಷ್ ಟೀಚರ್ ಕೆಲಸದಿಂದ ರಿಟೈರ್ ಆದ ಮೇಲೆ, ತಮಿಳುನಾಡಿನ ತೇನಿಯ ಒಂದು ಕಾನ್ವೆಂಟಿನ ಇಂಗ್ಲಿಷ್ ಎಲೊಕ್ಯೂಶನ್ ಸ್ಪರ್ಧೆಗೆ ನನ್ನನ್ನು ಜಡ್ಜ್ ಆಗಿ ಕರೆದಿದ್ದರು. ನಾನು ಓದಿದ್ದೂ ಅಂಥದೇ ಕಾನ್ವೆಂಟಿನಲ್ಲಿ. ಮಸ್ಲಿನ್ ಸೀರೆ ಉಟ್ಟುಕೊಂಡು, ಪೆನ್ನಿಗೆ ಇಂಕು ತುಂಬಿಸಿ, ಒಂದು ತಾಸು ಮೊದಲೇ ಹೋಗಿ ಕೂತೆ.

ಹೆಡ್‌ಮಿಸ್ಟ್ರೆಸ್ ಸಿಸ್ಟರ್ ನಿಯಮಗಳನ್ನು ಓದಿದರು. ಆರರಿಂದ ಎಂಟನೇ ಕ್ಲಾಸು ಜೂನಿಯರ್, ಮೂರು ನಿಮಿಷ. ಒಂಬತ್ತರಿಂದ ಹನ್ನೆರಡು ಸೀನಿಯರ್, ಐದು ನಿಮಿಷ. ಒಂದು ನಿಮಿಷ ಉಳಿದಾಗ ಒಂದು ಬೆಲ್, ಮುಗಿದಾಗ ಎರಡು. ಸಮಯ ಮೀರಿದರೆ ಎರಡು ಮಾರ್ಕ್ ಕಟ್. ಹೆಸರು, ಶಾಲೆ ಹೇಳಕೂಡದು, ಎದೆಯ ಮೇಲಿನ ನಂಬರ್ ಮಾತ್ರ. ಮೂವರು ಜಡ್ಜ್‌ಗಳಿಗೆ ತಲಾ ಐವತ್ತು ಮಾರ್ಕು. ಸಂಬಂಧಿಕರ ಮಗುವೋ ಪಾಠ ಹೇಳಿದ ಮಗುವೋ ಇದ್ದರೆ ಫಲಿತಾಂಶಕ್ಕೆ ಮುಂಚೆ ತಿಳಿಸಬೇಕು. ಆ ವಿಭಾಗದಲ್ಲಿ ಆ ಜಡ್ಜ್‌ನ ಶೀಟು ಲೆಕ್ಕಕ್ಕಿಲ್ಲ. ಪ್ರತಿ ವಿಭಾಗದಿಂದ ಮೊದಲ ಇಬ್ಬರು ಮುಂದಿನ ಸುತ್ತಿಗೆ ದಿಂಡಿಗಲ್ಲಿಗೆ.

ಜೂನಿಯರ್ ಏಳನೇ ನಂಬರಿನವಳಿಗೆ ಹನ್ನೆರಡು ವರ್ಷ ಇರಬಹುದು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ದ್ರಾಕ್ಷಿ ಚಪ್ಪರದ ಕೆಳಗೆ ದಿನವಿಡೀ ಕೈ ಮೇಲೆತ್ತಿಕೊಂಡು ಗೊಂಚಲು ಕತ್ತರಿಸುವ ಹೆಂಗಸರ ಬಗ್ಗೆ ಮಾತಾಡಿದಳು. ಉಳಿದವರೆಲ್ಲ ಟೀಚರ್ ಬರೆದುಕೊಟ್ಟದ್ದನ್ನು ಒಪ್ಪಿಸುತ್ತಿದ್ದಾಗ ಇವಳೊಬ್ಬಳದು ಸ್ವಂತ. ನಡುವೆ ಸಾಲು ಮರೆತು ನಿಂತಳು. ಮೈಕಿನಲ್ಲಿ ಸಣ್ಣಗೆ ಕೇಳಿಸಿತು: “ಅಯ್ಯೋ, ಮರ್ತೋಯ್ತಲ್ಲ.” ಆಮೇಲೆ ಮುಂದುವರಿಸಿ, ಎರಡು ಬೆಲ್ಲಿಗೆ ಮುಂಚೆಯೇ ಮುಗಿಸಿದಳು.

ಹಾಲ್‌ನಲ್ಲಿ ತುಂಬಿದ್ದ ತಮಿಳಿನ ನಡುವೆ ನಮ್ಮ ಮನೆಮಾತು, ಕನ್ನಡ. ನನ್ನ ಪೆನ್ನು ನಿಂತಿತು. ನಲವತ್ಮೂರು ಎಂದು ಬರೆದೆ. ಉಳಿದ ಯಾರಿಗೂ ಮೂವತ್ತೆಂಟು ದಾಟಿರಲಿಲ್ಲ. ಇದು ಭಾಷಣಕ್ಕೋ, ಆ ಒಂದು ಮಾತಿಗೋ? ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಸೀನಿಯರ್ ಶುರುವಾಗುವ ಮುಂಚೆ ಟೀ ಬ್ರೇಕ್. ಎರಡೂ ವಿಭಾಗದ ಶೀಟು ಕೊನೆಗೆ ಒಟ್ಟಿಗೆ ಕೊಡುವುದಾಗಿದ್ದರಿಂದ ಜೂನಿಯರ್ ಶೀಟು ಇನ್ನೂ ನನ್ನ ಫೈಲಿನಲ್ಲೇ ಇತ್ತು. ಜಡ್ಜ್ ಆದವಳು ಮಕ್ಕಳ ಕಡೆ ಹೋಗಬಾರದು. ಆದರೆ ತಲೆಮಾರುಗಳಿಂದ ತಮಿಳುನಾಡಿನಲ್ಲಿರುವ ನಾವು ಕನ್ನಡದವರು, ನಮ್ಮವರು ಎಲ್ಲಾದರೂ ಸಿಕ್ಕರೆ ಊರು, ಮನೆ, ಅಜ್ಜಿ ಯಾರ ಮಗಳು ಎಂದು ಮೂರು ಪ್ರಶ್ನೆ ಕೇಳದೆ ಬಿಡುವವರಲ್ಲ. ಕಾಲು ತಾನಾಗಿ ವರಾಂಡಕ್ಕೆ ಹೋಯಿತು.

“ಯಾವೂರಮ್ಮ ನಿಂದು?”

“ಕಾಮಯಗೌಂಡನ್‌ಪಟ್ಟಿ.” ಕನ್ನಡ ಕೇಳಿ ಕಣ್ಣರಳಿಸಿದಳು. “ನೀವೂ ನಮ್ಮೋರಾ ಅವ್ವಾ? ಇಂಗ್ಲಿಷ್‌ನೋರು ಅನ್ಕೊಂಡೆ.”

“ಯಾವ ಮನೆ?”

“ಹುಣಸೆಮರದ ಮನೆ. ಪಾಟಿ ಕಂಬದೋರು.”

ಕಂಬಂ ಊರಿನಿಂದ ಆ ಮನೆಗೆ ಸೊಸೆಯಾಗಿ ಹೋದ ಆ ಪಾಟಿ, ಅಂದರೆ ಇವಳ ಅಜ್ಜಿ, ನನ್ನ ಸೋದರತ್ತೆಯ ಮಗಳು. ಮೂರನೆಯ ಪ್ರಶ್ನೆ ಬೇಕಾಗಲಿಲ್ಲ. ಟೀ ಲೋಟ ಕಟ್ಟೆಯ ಮೇಲಿಟ್ಟು ಹಾಲ್‌ಗೆ ವಾಪಸ್ ಬಂದೆ.

ಸೀನಿಯರ್‌ನವರ ಐದೈದು ನಿಮಿಷ ಮುಗಿಯುವುದರೊಳಗೆ ಕರ್ಚೀಫು ಹಿಂಡಿ ಹಗ್ಗವಾಗಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಮಗು ದಿಂಡಿಗಲ್ಲಿಗೆ ಹೋದ ಮೇಲೆ ಯಾರೋ ಪತ್ತೆ ಹಚ್ಚಿ, ನೆಂಟರ ಹುಡುಗಿ ಅಂದರೆ? ಎದ್ದು ಸಿಸ್ಟರ್ ಹತ್ತಿರ ಹೋಗಿ ಹೇಳಿಬಿಟ್ಟೆ.

“ಮಾರ್ಕ್ ಹಾಕುವಾಗ ಗೊತ್ತಿತ್ತಾ ಮೇಡಂ?”

“ಇಲ್ಲ. ಈಗ ಗೊತ್ತು.”

“ರೂಲಿನಲ್ಲಿ ಯಾವಾಗ ಗೊತ್ತಾಯಿತು ಅಂತ ಇಲ್ಲ.” ಅವರು ನನ್ನ ಜೂನಿಯರ್ ಶೀಟಿನ ಮೇಲೆ ಕೆಂಪು ಗೆರೆ ಎಳೆದು, ನನ್ನಿಂದ ಸಹಿ ಹಾಕಿಸಿದರು. ನನಗೆ ಹಗುರವಾಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ, ಸ್ವಲ್ಪ ಹೆಮ್ಮೆಯೂ ಆಯಿತು.

ಉಳಿದ ಇಬ್ಬರ ಶೀಟು ಕೂಡಿಸಿದಾಗ ಏಳನೇ ನಂಬರಿಗೆ ಮೂರನೇ ಸ್ಥಾನ. ಎರಡನೆಯವನಿಗಿಂತ ಎರಡು ಮಾರ್ಕು ಕಡಿಮೆ. ನನ್ನ ಶೀಟಿನಲ್ಲಿ ಆ ಹುಡುಗನಿಗೆ ಹಾಕಿದ್ದು ಮೂವತ್ತೆಂಟು, ಇವಳಿಗೆ ಐದು ಹೆಚ್ಚು. ಹಾಗೇ ಇದ್ದಿದ್ದರೆ ಇವಳು ದಿಂಡಿಗಲ್ಲಿಗೆ ಹೋಗುತ್ತಿದ್ದಳು. ಆ ಭಾಷಣಕ್ಕೆ ನಲವತ್ಮೂರು ಸರಿಯಾದ ಮಾರ್ಕು ಎಂದು ನನಗೆ ಆಗ, ಆ ಕ್ಷಣದಲ್ಲಿ, ಖಚಿತವಾಯಿತು.

ಗೇಟಿನ ಹತ್ತಿರ ಸರ್ಟಿಫಿಕೇಟ್ ಸುರುಳಿ ಸುತ್ತಿಕೊಂಡು ನಿಂತಿದ್ದಳು. ತಡೆಯಲಾರದೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಅಳಲಿಲ್ಲ. ರಿಬ್ಬನ್ ಬಿಚ್ಚಿ ಮತ್ತೆ ಕಟ್ಟಿಕೊಂಡಳು.

“ನೀವು ಬಂದು ಕೇಳ್ದಿದ್ರೆ ನಾನು ಯಾರೋ ಆಗಿರ್ತಿದ್ನಲ್ಲ ಅವ್ವಾ,” ಅಂದಳು.

ಕಂಬಂ ಬಸ್ಸು ಬಂತು. ಕಿಟಕಿ ಪಕ್ಕ ಕೂತು, ನನಗೆ ಕೈಬೀಸಿದಳು, ನೆಂಟರಿಗೆ ಬೀಸುವ ಹಾಗೆ. ಆಮೇಲೆ ಎಷ್ಟೋ ಶಾಲೆಯವರು ಕರೆದರು, ನಾನು ಹೋಗಲಿಲ್ಲ. ಹೋದರೆ ಮತ್ತೆ ಕೇಳಿಬಿಡುತ್ತೇನೆ, ಯಾವೂರು ಅಂತ.