ತೀರ ನುಣುಪಾದ ಜಾಗ

ಆಕೆಯನ್ನು ಪ್ರಯೋಗಾಲಯದಲ್ಲಿ ಎಲ್ಲರೂ ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಎದುರಿಗೆ ಮೇಡಂ, ಬೆನ್ನ ಹಿಂದೆ ಭೂತಗನ್ನಡಿ. ಆಕೆಗೆ ಗೊತ್ತಿತ್ತು, ಬೇಜಾರಿರಲಿಲ್ಲ. ಕೋರ್ಟುಗಳಿಂದ ಬರುವ ಫೋಟೋಗಳಲ್ಲಿ ಯಾರಾದರೂ ಕೈಯಾಡಿಸಿದ್ದಾರೆಯೇ ಎಂದು ಹೇಳುವುದು ಆಕೆಯ ಕೆಲಸ. ಹದಿನೇಳು ವರ್ಷ ಅದನ್ನೇ ಮಾಡಿ ಕನ್ನಡಕದ ನಂಬರು ನಾಲ್ಕು ಸಲ ಏರಿತ್ತು.

ಈ ಕಣ್ಣು ಬಂದದ್ದು ಅಪ್ಪನಿಂದ. ಅಪ್ಪ ದರ್ಜಿ, ಹರಿದ ಬಟ್ಟೆಗೆ ರಫೂ ಹಾಕುವುದರಲ್ಲಿ ಎತ್ತಿದ ಕೈ. ಕೋಟಿನಲ್ಲಿ ಸಿಗರೇಟು ಸುಟ್ಟ ತೂತನ್ನು ಅಕ್ಕಪಕ್ಕದ ನೂಲು ನೋಡಿಯೇ ನೇಯ್ದು ಮುಚ್ಚುತ್ತಿದ್ದರು. ಈಗಿನ ಕಂಪ್ಯೂಟರು ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಫೋಟೋದಿಂದ ಒಂದು ವಸ್ತುವನ್ನು ಅಳಿಸಿ, ಸುತ್ತಲಿನ ಬಣ್ಣ ನೋಡಿ, ಅಲ್ಲಿ ಏನಿದ್ದಿರಬಹುದೆಂದು ಊಹಿಸಿ ತುಂಬಿಬಿಡುತ್ತದೆ. ಬರಿಗಣ್ಣಿಗೆ ಸುಳಿವೇ ಸಿಗುವುದಿಲ್ಲ. ಆದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರು ತೆಗೆದ ಪ್ರತಿ ಚಿತ್ರದ ಮೈಮೇಲೂ ಸಣ್ಣ ಮರಳು ಚೆಲ್ಲಿದಂಥ ಗ್ರೇನ್ ಇರುತ್ತದೆ. ಊಹಿಸಿ ತುಂಬಿದ ಜಾಗದಲ್ಲಿ ಆ ಮರಳು ಸಾಮಾನ್ಯವಾಗಿ ಇರುವುದಿಲ್ಲ, ಅದು ತೀರ ನುಣುಪಾಗಿ ಕೂತಿರುತ್ತದೆ. ಭೂತಗನ್ನಡಿ ಚಿತ್ರದಿಂದ ಗ್ರೇನನ್ನು ಮಾತ್ರ ಸೋಸಿ ಹಿಗ್ಗಿಸಿ ನೋಡುತ್ತಿದ್ದಳು.

ಆ ವರ್ಷ ಬಂದ ಪ್ರಕರಣ ಒಂದು ಕಾರ್ಖಾನೆಯದು. ತಗಡು ಒತ್ತುವ ಪ್ರೆಸ್ ಯಂತ್ರದಲ್ಲಿ ಸಿಕ್ಕಿ ಒಬ್ಬ ಕೆಲಸಗಾರನ ಬಲಗೈಯ ಮೂರು ಬೆರಳು ಹೋಗಿದ್ದವು. ಜಾಲರಿ ಬಾಗಿಲು ತೆರೆದಿದ್ದರೆ ಆ ಯಂತ್ರ ತಾನಾಗಿ ನಿಲ್ಲಬೇಕು. ಕೆಲಸ ಬೇಗ ಸಾಗಲೆಂದು, ಬಾಗಿಲು ಮುಚ್ಚಿದೆಯೆಂದು ಯಂತ್ರ ತಿಳಿಯುವಂತೆ, ಬಾಗಿಲ ಸ್ವಿಚ್ಚಿಗೆ ಮೇಸ್ತ್ರಿಯೇ ಮರದ ತುಂಡು ಒತ್ತಿ ತಂತಿ ಬಿಗಿಸಿದ್ದ ಎಂದು ಕೆಲಸಗಾರ ಹೇಳುತ್ತಿದ್ದ. ಕಂಪನಿಯವರು, ಅಪಘಾತವಾದ ಕೂಡಲೇ ಮೇಸ್ತ್ರಿ ತನ್ನ ಫೋನಿನಲ್ಲಿ ತೆಗೆದ ಫೋಟೋ ಮುಂದಿಟ್ಟು, ತುಂಡೂ ಇಲ್ಲ ತಂತಿಯೂ ಇಲ್ಲ, ಇವನೇ ಪಕ್ಕದಿಂದ ಕೈ ತೂರಿಸಿದ ಎಂದರು. ಪರಿಹಾರ ಸಿಗುತ್ತದೋ, ಸುಳ್ಳುಗಾರನೆಂಬ ಹೆಸರು ಸಿಗುತ್ತದೋ ಎಂಬುದು ಆ ಒಂದು ಫೋಟೋದ ಮೇಲೆ ನಿಂತಿತ್ತು.

ಫೋಟೋದಲ್ಲಿ ಸ್ವಿಚ್ಚಿನ ಪಕ್ಕ ಅಂಗೈಯಗಲ ಜಾಗ ನುಣ್ಣಗಿತ್ತು. ಆದರೆ ಬಣ್ಣ ಬಳಿದ ಕಬ್ಬಿಣ ಹೇಗೂ ನುಣ್ಣಗೇ ಇರುತ್ತದಲ್ಲ? ಭೂತಗನ್ನಡಿ ಕೋರ್ಟಿನ ಅನುಮತಿ ಪಡೆದು ಮೇಸ್ತ್ರಿಯ ಫೋನನ್ನೇ ತರಿಸಿಕೊಂಡಳು. ಅದೇ ಯಂತ್ರದ ಮುಂದೆ, ಅದೇ ಟ್ಯೂಬ್‌ಲೈಟ್ ಬೆಳಕಿನಲ್ಲಿ ನಲವತ್ತು ಫೋಟೋ ತೆಗೆದಳು. ನಲವತ್ತರಲ್ಲೂ ಆ ಕಬ್ಬಿಣದ ಮೇಲೆ ಗ್ರೇನ್ ಇತ್ತು. ಬಿಳಿ ಗೋಡೆಯ ಚಿತ್ರಗಳಿಂದ ಸೆನ್ಸರಿನ ಬೆರಳಚ್ಚನ್ನೂ ತೆಗೆದಳು. ಒಂದೊಂದು ಸೆನ್ಸರಿಗೂ ತನ್ನದೇ ಸಣ್ಣ ಏರುಪೇರು ಇರುತ್ತದೆ, ಅದು ತೆಗೆದ ಚಿತ್ರಗಳಲ್ಲೆಲ್ಲ ಅದೇ ಗುರುತು ಮೂಡುತ್ತದೆ. ಮೇಸ್ತ್ರಿಯ ಫೋಟೋದಲ್ಲಿ ಸುತ್ತಮುತ್ತ ಆ ಬೆರಳಚ್ಚು ಸರಿಯಾಗಿ ಕೂತಿತ್ತು, ಆ ಅಂಗೈಯಗಲದಲ್ಲಿ ಮಾತ್ರ ಕಾಣೆ. 'ಈ ಭಾಗದಲ್ಲಿದ್ದುದನ್ನು ಅಳಿಸಿ ತುಂಬಲಾಗಿದೆ' ಎಂದು ವರದಿ ಬರೆದಳು.

ಸಹಿ ಹಾಕಿದ ಮೇಲೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಆರು ವರ್ಷದ ಹಿಂದಿನ ಶಾಲಾ ವ್ಯಾನಿನ ಚಾಲಕನೊಬ್ಬ ನೆನಪಾದ. ರಸ್ತೆ ಅಗೆದಲ್ಲಿ ಅವನ ವ್ಯಾನು ಗುಂಡಿಗಿಳಿದಿತ್ತು, ಅಲ್ಲಿ ಎಚ್ಚರಿಕೆಯ ಫಲಕ ಇರಲಿಲ್ಲ ಎಂದು ಮುಸ್ಸಂಜೆಯ ಫೋಟೋ ಕೊಟ್ಟಿದ್ದ. ಫಲಕವನ್ನು ಫೋಟೋದಿಂದ ಅಳಿಸಿದ್ದಾನೆಂದು ರಸ್ತೆ ಅಗೆಸಿದವರು ವಾದಿಸಿದ್ದರು. ಅವರು ತೋರಿಸಿದ ಜಾಗ ನುಣ್ಣಗಿದೆ, ಗ್ರೇನ್ ಇಲ್ಲ, ಅಳಿಸಲಾಗಿದೆ ಎಂದು ಬರೆದು ಕೊಟ್ಟವಳು ಇವಳೇ. ಆಗ ಫೋನು ತರಿಸಿದ್ದೆನೇ ಎಂದು ತನ್ನನ್ನೇ ಕೇಳಿಕೊಂಡಳು.

ಮರುದಿನ ದಾಖಲೆ ಕೋಣೆಗೆ ಹೋಗಿ ಹಳೆಯ ಕಡತ ತೆಗೆಸಿದಳು. ಅದೇ ಸಂಜೆ ಅದೇ ಫೋನಿನಲ್ಲಿ ತೆಗೆದ ಇನ್ನೂ ಆರು ಫೋಟೋ ಕಡತದ ಜೊತೆಗಿದ್ದ ಡಿಸ್ಕಿನಲ್ಲಿದ್ದವು. ಕೋರ್ಟು ಕೇಳಿದ್ದು ಒಂದರ ಬಗ್ಗೆ, ಇವಳು ನೋಡಿದ್ದೂ ಒಂದನ್ನೇ. ಪ್ರಯೋಗಾಲಯದ ವಾಡಿಕೆಯೇ ಹಾಗಿತ್ತು. ಆರನ್ನೂ ಸೋಸಿ ನೋಡಿದಳು. ವ್ಯಾನಿನ ಬಾಗಿಲು, ಚಕ್ರದ ಹಿಂದಿನ ಗೋಡೆ, ರಸ್ತೆಯಂಚು, ಮಬ್ಬು ಬೆಳಕಿನ ಸಪಾಟು ಜಾಗಗಳೆಲ್ಲ ಅಷ್ಟೇ ನುಣ್ಣಗಿದ್ದವು. ಬೆಳಕು ಕಡಿಮೆಯಿದ್ದರೆ ಆ ಫೋನು ತಾನೇ ಗ್ರೇನನ್ನು ಉಜ್ಜಿ ಹಾಕುತ್ತಿತ್ತು. ಯಾರೂ ಏನನ್ನೂ ಅಳಿಸಿಲ್ಲವೆಂದು ಅದರಿಂದ ಸಾಬೀತಾಗುವುದಿಲ್ಲ, ನಿಜ. ಆದರೆ ಅಳಿಸಿದ್ದಾನೆ ಎಂದು ಬರೆಯಲು ಇವಳ ಬಳಿ ಆಧಾರವೇ ಇರಲಿಲ್ಲ. ಆ ಬರಹ ಅವನ ಕೆಲಸ, ಲೈಸೆನ್ಸು ಎರಡನ್ನೂ ತಿಂದಿತ್ತು.

ತಪ್ಪೊಪ್ಪಿಗೆ ಬರೆದು ಮೇಲಧಿಕಾರಿಯ ಮುಂದಿಟ್ಟಳು. ಅವರು ಓದಿ, ಕಾಗದವನ್ನು ನಿಧಾನವಾಗಿ ಆಕೆಯ ಕಡೆಗೇ ಸರಿಸಿದರು.

"ತಪ್ಪು ಒಪ್ಕೊಳ್ಳೋದು ಒಳ್ಳೇದೇ. ಆದ್ರೆ ಮುಂದಿನ ವಾರ ನಿಮ್ಮ ಸಾಕ್ಷಿ ಇದೆ. ಇದು ಈಗ ಹೊರಗೆ ಬಂದ್ರೆ ಆ ಬೆರಳು ಹೋದವನ ಗತಿ ಏನು? ತೀರ್ಪು ಬರಲಿ, ಆಮೇಲೆ ಕೊಡಿ."

ಅದರಲ್ಲಿ ಹುರುಳಿತ್ತು, ಅದೇ ಸಂಕಟ. ಪತ್ರ ಚೀಲ ಸೇರಿತು. ಮನೆಯಲ್ಲಿ ಅಪ್ಪ ಸೂಜಿಗೆ ದಾರ ಪೋಣಿಸಲಾಗದೆ ಒದ್ದಾಡುತ್ತಿದ್ದರು. ಆಕೆ ಪೋಣಿಸಿ ಕೊಟ್ಟು, ಎಲ್ಲವನ್ನೂ ಹೇಳಿದಳು.

"ಗಿರಾಕಿ ಬಟ್ಟೆ ನಾನೂ ಹಾಳು ಮಾಡಿದೀನಿ ಮಗಳೇ," ಎಂದರು ಅಪ್ಪ. "ಬಟ್ಟೆ ಆದ್ರೆ ಹೊಸದು ಹೊಲಿದು ಕೊಡಬಹುದು."

ಅಪ್ಪ ಪೋಣಿಸಿದ ಸೂಜಿ ಹಿಡಿದು ಬಟ್ಟೆಯ ಮೇಲೆ ಬಗ್ಗಿದರು.

ಕೋರ್ಟಿನಲ್ಲಿ ಕಂಪನಿಯ ವಕೀಲ ನಗುನಗುತ್ತಲೇ ಶುರು ಮಾಡಿದ. ಅದು ಅವನು ಎಲ್ಲ ಸಾಕ್ಷಿಗಳಿಗೂ ಕೇಳುವ ಪ್ರಶ್ನೆ, ಉತ್ತರದ ಆಸೆಯಿಟ್ಟು ಕೇಳಿದ್ದಲ್ಲ.

"ಮೇಡಂ, ನುಣ್ಣಗಿದೆ ಅಂದ ಮಾತ್ರಕ್ಕೆ ಅಳಿಸಿದಾರೆ ಅಂತೀರಲ್ಲ, ಯಾವತ್ತಾದ್ರೂ ತಪ್ಪಾಗಿದ್ದುಂಟಾ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಎದುರಿನ ಬೆಂಚಿನಲ್ಲಿ ಕೆಲಸಗಾರ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡು ಕೂತಿದ್ದ. ಪ್ರಮಾಣ ಮಾಡಿ ನಿಂತ ಜಾಗದಲ್ಲಿ ಸುಳ್ಳು ಹೇಳುವುದು ಆಕೆಯಿಂದಾಗಲಿಲ್ಲ.

"ಆಗಿದೆ," ಎಂದಳು. "ಆರು ವರ್ಷದ ಹಿಂದೆ, ಒಬ್ಬ ವ್ಯಾನ್ ಚಾಲಕನ ಕೇಸಲ್ಲಿ. ಬರೀ ನುಣುಪು ನೋಡಿ ಬರೆದುಬಿಟ್ಟೆ."

ವಕೀಲ ಅದನ್ನೇ ಹಿಡಿದುಕೊಂಡ. ಆಮೇಲೆ ಅರ್ಧ ಗಂಟೆ ಬೆವರಿಳಿಸಿದ. ಆಕೆ ಹೇಳಿದ್ದನ್ನೇ ಹೇಳಿದಳು. ಆಗ ನೋಡಿದ್ದು ಒಂದು ಫೋಟೋ, ಈಗ ಅದೇ ಫೋನಿನ ನಲವತ್ತು. ಆಗ ಬರೀ ನುಣುಪು, ಈಗ ಬೆರಳಚ್ಚೂ ಇಲ್ಲ. ನ್ಯಾಯಾಧೀಶರು ತಲೆಯೆತ್ತದೆ ಬರೆದುಕೊಳ್ಳುತ್ತಿದ್ದರು. ಅವರಿಗೆ ಯಾವ ಮಾತು ನಾಟಿತೋ ಗೊತ್ತಾಗಲಿಲ್ಲ. ತೀರ್ಪಿಗೆ ತಿಂಗಳ ನಂತರದ ದಿನ ಬಿತ್ತು.

ಹೊರಗಿನ ಮೊಗಸಾಲೆಯಲ್ಲಿ ಕೆಲಸಗಾರ ಆಕೆಗೆ ಅಡ್ಡ ನಿಂತ.

"ನನ್ನ ಕೇಸಲ್ಲೇ ಹೇಳಬೇಕಿತ್ತಾ ಮೇಡಂ?"

"ಕೇಳಿದ್ರಲ್ಲ. ಇಲ್ಲ ಅನ್ನೋಕೆ ಆಗ್ಲಿಲ್ಲ. ನಿಮಗೆ ತೊಂದರೆ ಆದ್ರೆ ಅದೂ ನನ್ನ ತಪ್ಪೇ."

ಅವನ ಸಿಟ್ಟು ಇಳಿದಿರಲಿಲ್ಲ, ಆದರೆ ದನಿ ತಗ್ಗಿತ್ತು.

"ಸುಳ್ಳುಗಾರ ಅನ್ನಿಸ್ಕೊಳ್ಳೋದು ಹೆಂಗಿರುತ್ತೆ ಅಂತ ನಂಗೊತ್ತು. ಆ ವ್ಯಾನಿನೋರು ಏನಂದ್ರು?"

"ಅವರಿಗೆ ಇನ್ನೂ ಹೇಳಿಲ್ಲ."

"ಎಲ್ಲಿದಾರೆ?"

"ಗೊತ್ತಿಲ್ಲ."

"ಮತ್ತೆ ನಮಗೆಲ್ಲ ಹೇಳಿ ಏನು ಬಂತು?" ಎಂದು ಅವನು ಹೊರಟುಹೋದ.

ಭೂತಗನ್ನಡಿ ಮೊಗಸಾಲೆಯ ಬೆಂಚಿನ ಮೇಲೆ ಕೂತು ಚೀಲದಿಂದ ಪತ್ರ ತೆಗೆದಳು. ನಾಲ್ಕು ಸಲ ತಿದ್ದಿ ಬರೆದದ್ದು. ಮೇಲಧಿಕಾರಿಗೆ ಒಂದು ಪ್ರತಿ, ನ್ಯಾಯಾಲಯಕ್ಕೆ ಒಂದು, ಕಡತಕ್ಕೆ ಒಂದು ಎಂದು ಕೊನೆಯಲ್ಲಿ ಅಚ್ಚುಕಟ್ಟಾಗಿ ನಮೂದಿಸಿದ್ದಳು. ಆ ಪಟ್ಟಿಯಲ್ಲಿ ವ್ಯಾನಿನವನು ಇರಲಿಲ್ಲ.